ಕುಡಿಎಲೆಯೋ, ಗೌರಮ್ಮನೋ

ಸಾಗರ. ದೊಡ್ಡಪ್ಪನ ಮನೆಯ ಅಡುಗೆಕೋಣೆ, ರಾತ್ರಿ ಊಟ ಮುಗಿದಿದೆ. ವಿನಾಯಕ, ಸುಧಾ ಸೇರಿ ಮದುವೆ ಮನೆಗಳಿಗೆ ಅಡುಗೆ ಮಾಡಿ ಬಡಿಸುವ ಉದ್ಯಮ ಆರಂಭಿಸುತ್ತಿದ್ದಾರೆ. ಅದರ ಆಹಾರ ಸುರಕ್ಷತಾ ನೋಂದಣಿಯ ಅರ್ಜಿಯನ್ನು ನಾಳೆ ಸಲ್ಲಿಸಬೇಕು.

ವಿನಾಯಕ: ಎಲ್ಲವನ್ನೂ ತುಂಬಿದ್ದೇನೆ ಸುಧಾ. ಹೆಸರೊಂದು ಬಾಕಿ. ‘ಗೌರಮ್ಮನ ಅಡುಗೆ’ ಎಂದು ಬರೆದುಬಿಡಲೇ?

ಸುಧಾ: ಬೇಡ ಅಣ್ಣ. ‘ಕುಡಿಎಲೆ’ ಎಂದು ಆವತ್ತೇ ಹೇಳಿದ್ದೆನಲ್ಲ.

ವಿನಾಯಕ: ‘ಕುಡಿ’ ಎಂದ ಕೂಡಲೇ ಶಿವಮೊಗ್ಗದವರಿಗೆ ಬಾಳೆಯ ಕುಡಿ ನೆನಪಾಗುತ್ತದೆಯೇ? ಮದುವೆ ಮನೆಯ ಹಿರಿಯರು ಕೇಳಿದರೆ ಏನೆಂದುಕೊಳ್ಳುತ್ತಾರೆ? ಆ ಹಂಡೆ ನೋಡು. ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ‘ಗೌರಮ್ಮ’ ಎಂದು ಕೊರೆಸಿದ್ದಾರೆ. ಅಪ್ಪೆಹುಳಿಯ ಹದ ನಿನಗೆ ಕಲಿಸಿದ್ದು ಯಾರು? ನನಗೆ ಹೋಳಿಗೆ ತಟ್ಟಲು ಕಲಿಸಿದ್ದು ಯಾರು?

ಸುಧಾ: ಅಜ್ಜಿಯೇ. ಅದಕ್ಕೇ ಬೇಡ ಎನ್ನುತ್ತಿದ್ದೇನೆ. ನಾನೂರು ಜನರ ಊಟದಲ್ಲಿ ಒಂದು ದಿನ ಸಾರಿಗೆ ಉಪ್ಪು ಹೆಚ್ಚಾದರೆ ಮಾತು ಬರುವುದು ನಮಗಲ್ಲ, ಅಜ್ಜಿಗೆ.

ವಿನಾಯಕ: ಹಾಗಾಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಸುಧಾ: ಇನ್ನೊಂದು ಮಾತಿದೆ. ಕುಡಿಎಲೆ ಅಜ್ಜಿಗೆ ಎಂದಾದರೂ ಸಿಕ್ಕಿತ್ತೇ? ತುದಿ ಇರುವ ಎಲೆ ಗಂಡಸರಿಗೆ, ನೆಂಟರಿಗೆ. ಎಲ್ಲರೂ ಉಂಡೆದ್ದ ಮೇಲೆ ಅವಳು ಸೀಳಿಹೋದ ತುಂಡೆಲೆ ಹಾಕಿಕೊಂಡು, ಪಾತ್ರೆಯ ತಳದ ತಣ್ಣನೆಯ ಅನ್ನ ಬಡಿಸಿಕೊಳ್ಳುತ್ತಿದ್ದಳು. ಮಜ್ಜಿಗೆ ಮುಗಿದಿದ್ದರೆ ನೀರು. ನಾನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ ಅಣ್ಣ. ಬಡವ ಬಲ್ಲಿದ ಎನ್ನದೆ ನಮ್ಮ ಪಂಕ್ತಿಯಲ್ಲಿ ಕುಳಿತ ಎಲ್ಲರಿಗೂ ಕುಡಿಎಲೆಯೇ ಹಾಕಬೇಕು. ಅದೇ ಹೆಸರಾಗಬೇಕು.

ವಿನಾಯಕ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಇದು ನನಗೆ ಗೊತ್ತಿರಲಿಲ್ಲ. ನಾವು ಮೊದಲ ಪಂಕ್ತಿಯಲ್ಲಿ ಉಂಡು ಆಟಕ್ಕೆ ಓಡುತ್ತಿದ್ದೆವು.

ಸುಧಾ: ನಿನ್ನ ತಪ್ಪೇನಿಲ್ಲ.

ವಿನಾಯಕ: ಆದರೂ ಕೇಳು. ಬದುಕಿರುವಷ್ಟು ದಿನ ಹಿಂದೆ ಕುಳಿತವಳ ಹೆಸರು ಈಗಲಾದರೂ ಬಾಗಿಲ ಮೇಲೆ ಬರಬಾರದೇ? ಹಂಡೆಯಲ್ಲಿ ಬಿಟ್ಟರೆ ಆ ಹೆಸರು ಎಲ್ಲಿದೆ ಹೇಳು. ಪಡಿತರ ಚೀಟಿಯಲ್ಲಿ ಇತ್ತು, ಅದೂ ಹೋಯಿತು.

ಸುಧಾ: ಹಾಗೆಂದರೆ ನಾನೇನು ಹೇಳಲಿ?

ವಿನಾಯಕ: ಒಪ್ಪಿಕೋ.

ಸುಧಾ: ಒಂದು ಷರತ್ತು. ಅಡುಗೆಯವರೂ ಬಡಿಸುವವರೂ ಕೊನೆಗೆ ಉಳಿದದ್ದನ್ನು ಉಣ್ಣಬಾರದು. ಅವರ ಪಾಲಿನ ಅನ್ನ, ಸಾರು, ಪಲ್ಯ, ಹೋಳಿಗೆ ಮೊದಲೇ ತೆಗೆದಿಡಬೇಕು. ಎರಡನೇ ಪಂಕ್ತಿ ಏಳುತ್ತಿದ್ದಂತೆ ಅರ್ಧ ಜನ ಕುಳಿತು ಬಿಸಿಯಾಗಿ ಉಣ್ಣಬೇಕು, ಕುಡಿಎಲೆಯಲ್ಲಿ.

ವಿನಾಯಕ: ಹೆಣ್ಣಿನ ಕಡೆಯವರು ಗಡಿಬಿಡಿ ಮಾಡಿದರೆ?

ಸುಧಾ: ಮುಂಗಡ ತೆಗೆದುಕೊಳ್ಳುವಾಗಲೇ ಹೇಳಬೇಕು.

ವಿನಾಯಕ: ಎಲೆಯ ಖರ್ಚು ಹೆಚ್ಚುತ್ತದೆ.

ಸುಧಾ: ನಮ್ಮ ತೋಟದಲ್ಲಿ ಬಾಳೆ ಇದೆ. ಸಾಲದಿದ್ದರೆ ನನ್ನ ಪಾಲಿನಲ್ಲಿ ಹಿಡಿದುಕೋ.

ವಿನಾಯಕ: ನಿನ್ನ ಪಾಲಿನಲ್ಲಿ ಏಕೆ? ಇಬ್ಬರ ಪಾಲಿನಲ್ಲೂ ಹಿಡಿಯೋಣ. ಹಾಗಾದರೆ ಹೆಸರು?

ಸುಧಾ: ‘ಅಡುಗೆ’ ಎಂಬುದನ್ನು ತೆಗೆ. ಬರಿಯ ‘ಗೌರಮ್ಮ’ ಎಂದು ಬರೆ, ಹಂಡೆಯ ಮೇಲೆ ಇರುವ ಹಾಗೆ.