ನಮ್ಮ ಹೊಸ ಪ್ರೊಡಕ್ಷನ್ ಮ್ಯಾನೇಜರ್ ಸವಿತಾ

ಎಲ್ಲರಿಗೂ ನಮಸ್ಕಾರ. ಎ ಶಿಫ್ಟ್‌ನವರು ಮನೆಗೆ ಹೊರಡುವ ಹೊತ್ತು, ಬಿ ಶಿಫ್ಟ್‌ನವರು ಈಗಷ್ಟೇ ಪಂಚ್ ಮಾಡಿ ಬಂದಿದ್ದೀರಿ. ಎರಡೂ ಕಡೆಯವರು ಒಟ್ಟಿಗೆ ಸಿಗುವ ಸಮಯ ಇದೊಂದೇ, ಅದಕ್ಕೇ ಟೌನ್ ಹಾಲ್ ಈಗ ಇಟ್ಟಿದ್ದೇವೆ. ರಾತ್ರಿ ಪಾಳಿ ಮುಗಿಸಿ ನಿದ್ದೆ ಬಿಟ್ಟು ಬಂದವರಿಗೆ ವಿಶೇಷವಾಗಿ ಥ್ಯಾಂಕ್ಸ್. ಬೋನಸ್ ವಿಷಯ ಎಚ್‌ಆರ್‌ನವರು ಆಮೇಲೆ ಹೇಳುತ್ತಾರೆ, ನಾನು ಮೊದಲು ಒಂದು ಖುಷಿಯ ಸುದ್ದಿ ಹೇಳಿಬಿಡುತ್ತೇನೆ.

ಶ್ರೀನಿವಾಸ್ ಸರ್ ಈ ತಿಂಗಳ ಕೊನೆಗೆ ರಿಟೈರ್ ಆಗುತ್ತಿರುವುದು ನಿಮಗೆಲ್ಲ ಗೊತ್ತೇ ಇದೆ. ಸೋಮವಾರದಿಂದ ಅವರ ಜಾಗದಲ್ಲಿ, ನಮ್ಮ ಮಷೀನ್ ಶಾಪ್‌ನ ಪ್ರೊಡಕ್ಷನ್ ಮ್ಯಾನೇಜರ್ ಆಗಿ ಸವಿತಾ ಇರುತ್ತಾರೆ.

ಚಪ್ಪಾಳೆ ನಿಲ್ಲಿಸಬೇಡಿ, ಹೊಡೀರಿ, ಅವರಿಗೆ ಅದು ಸಲ್ಲಬೇಕು.

ಸವಿತಾ ಯಾರು ಅಂತ ಹಳಬರಿಗೆ ಹೇಳಬೇಕಾಗಿಲ್ಲ. ಹೊಸದಾಗಿ ಸೇರಿದ ಟ್ರೈನಿಗಳಿಗಾಗಿ ಹೇಳುತ್ತೇನೆ. ಜಿಟಿಟಿಸಿಯಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮುಗಿಸಿ, ನಿಮ್ಮ ಹಾಗೇ ಟ್ರೈನಿ ಆಗಿ ಪೀಣ್ಯದ ಈ ಶೆಡ್‌ಗೆ ಬಂದವರು. ಮೊದಲು ಲೇತ್, ಆಮೇಲೆ ವಿಎಂಸಿ ಸೆಟ್ಟರ್, ಆಮೇಲೆ ಕ್ವಾಲಿಟಿ, ಕಳೆದ ಕೆಲವು ವರ್ಷ ಶಿಫ್ಟ್ ಇನ್‌ಚಾರ್ಜ್. ಇಲ್ಲಿರುವ ಯಾವ ಮಷೀನ್ ಮುಂದೆ ನಿಲ್ಲಿಸಿದರೂ ಜಾಬ್ ಹಾಕಿ, ಆಫ್‌ಸೆಟ್ ಕೊಟ್ಟು, ಫಸ್ಟ್ ಪೀಸ್ ತೆಗೆದುಕೊಡುತ್ತಾರೆ.

ಆದರೆ ಅದೊಂದಕ್ಕೇ ಈ ಜವಾಬ್ದಾರಿ ಕೊಟ್ಟಿಲ್ಲ. ಅಲ್ಯೂಮಿನಿಯಂ ಹೌಸಿಂಗ್ ಜಾಬ್ ನೆನಪಿದೆಯಲ್ವಾ? 40 ಎಂಎಂ ಬೋರ್, ಎಚ್7, ಅಂದರೆ 25 ಮೈಕ್ರಾನ್ ಒಳಗೆ ಬರಬೇಕು. ರಾತ್ರಿ ಪಾಳಿಯಲ್ಲಿ ತೆಗೆದ ಪೀಸ್‌ಗಳು ಮಷೀನ್ ಹತ್ತಿರ ಓಕೆ ಇರುತ್ತಿದ್ದವು, ಬೆಳಿಗ್ಗೆ ಸಿಎಂಎಂ ರೂಮಿಗೆ ಹೋದರೆ ಬೋರ್ ಸಣ್ಣದು. ರಿಜೆಕ್ಷನ್ ಟ್ರಾಲಿ ತುಂಬುತ್ತಾ ಹೋಯಿತು, ಆಪರೇಟರ್ ಸರಿಯಾಗಿ ಅಳತೆ ಮಾಡ್ತಿಲ್ಲ ಅನ್ನುವ ಮಾತು ಆಫೀಸಿನಲ್ಲಿ ಶುರುವಾಯಿತು, ಮೆಮೊ ಕೂಡ ರೆಡಿಯಾಗಿತ್ತು. ಸವಿತಾ ಆ ಮೆಮೊ ತಡೆಹಿಡಿದು, ರಾತ್ರಿ ಪಾಳಿಗೇ ಬಂದು ಆಪರೇಟರ್ ಪಕ್ಕದಲ್ಲಿ ನಿಂತರು. ಪೀಸ್ ಕೈಗೆ ತಗೊಂಡಾಗಲೇ ಬಿಸಿ ಗೊತ್ತಾಯಿತು. ಟ್ಯಾಂಕಿನಲ್ಲಿ ಕೂಲೆಂಟ್ ಕಡಿಮೆಯಾಗಿ, ಇದ್ದಷ್ಟೂ ಕಾದುಹೋಗುತ್ತಿತ್ತು. ಸಿಎಂಎಂ ರೂಮ್ 20 ಡಿಗ್ರಿ. ಅಲ್ಯೂಮಿನಿಯಂ 10 ಡಿಗ್ರಿ ತಣ್ಣಗಾದರೆ 40 ಎಂಎಂ ಬೋರ್ ಸುಮಾರು 9 ಮೈಕ್ರಾನ್ ಕುಗ್ಗುತ್ತದೆ, ನಮಗಿರುವ 25ರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಅಲ್ಲೇ ಹೋಯಿತು. ಆಪರೇಟರ್ ಅಳತೆ ಸರಿಯಾಗೇ ಇತ್ತು.

ಆವತ್ತಿನಿಂದ ಪೀಸ್ ತೊಳೆದು, ಸರ್ಫೇಸ್ ಪ್ಲೇಟ್ ಮೇಲೆ ಆರಲು ಬಿಟ್ಟು ಅಳೆಯುತ್ತೇವೆ, ಶಿಫ್ಟ್ ಬದಲಾಗುವಾಗ ಕೂಲೆಂಟ್ ಲೆವೆಲ್ ಬರೆದಿಡುತ್ತೇವೆ. ಆ ಮೆಮೊ ಯಾರಿಗೂ ಹೋಗಲಿಲ್ಲ. ತಪ್ಪು ಯಾರದ್ದು ಅಂತ ಹುಡುಕುವ ಮೊದಲು ಮಷೀನ್ ಮುಂದೆ ನಿಂತವರನ್ನು ಕೇಳಿದರಲ್ಲ, ನಾನು ಮ್ಯಾನೇಜರ್‌ನಲ್ಲಿ ನೋಡುವುದು ಅದನ್ನೇ.

ಇನ್ನು ಸೋಮವಾರದಿಂದ ಏನು ಬದಲಾಗುತ್ತದೆ? ಮೂರೂ ಶಿಫ್ಟ್ ಇನ್‌ಚಾರ್ಜ್‌ಗಳು, ಟೂಲ್ ಕ್ರಿಬ್, ಪ್ಲಾನಿಂಗ್, ಎಲ್ಲ ಸವಿತಾ ಅವರಿಗೆ ರಿಪೋರ್ಟ್ ಮಾಡುತ್ತೀರಿ. ಓವರ್‌ಟೈಮ್, ರಜೆ, ಶಿಫ್ಟ್ ಅದಲುಬದಲು ಅವರದ್ದೇ ತೀರ್ಮಾನ, ಅದಕ್ಕಾಗಿ ನನ್ನ ಕ್ಯಾಬಿನ್ ತನಕ ಬರಬೇಕಾಗಿಲ್ಲ. ಫಸ್ಟ್ ಪೀಸ್ ಸರಿ ಬರದಿದ್ದರೆ ಮಷೀನ್ ನಿಲ್ಲಿಸುವ ಅಧಿಕಾರ ಅವರಿಗೆ ಪೂರ್ತಿ ಇದೆ. ಡಿಸ್ಪ್ಯಾಚ್ ತಡವಾದರೆ ಕಸ್ಟಮರ್ ಜೊತೆ ನಾನು ಮಾತಾಡಿಕೊಳ್ಳುತ್ತೇನೆ.

ಮಂಜಣ್ಣ, ನಿಮಗೆ ಒಂದು ಮಾತು. ಸವಿತಾಗೆ ಮೈಕ್ರೋಮೀಟರ್ ಹಿಡಿಯಲು ಹೇಳಿಕೊಟ್ಟವರು ನೀವು. ನಿಮ್ಮಂಥ ಹಿರಿಯರು ಪಕ್ಕದಲ್ಲಿದ್ದರೆ ಅವರಿಗೆ ದೊಡ್ಡ ಬಲ. ಸರಿ ಅನಿಸದಿದ್ದರೆ ಮೊದಲಿನ ಹಾಗೇ ನೇರವಾಗಿ ಹೇಳಿ. ಜೊತೆಗೇ ಟೀ ಕುಡಿಯುತ್ತಿದ್ದ ಸೆಟ್ಟರ್‌ಗಳಿಗೂ ಹೇಳುತ್ತೇನೆ: ನಿನ್ನೆ ಪಕ್ಕದ ಮಷೀನ್‌ನಲ್ಲಿದ್ದವರು ಇವತ್ತು ಮ್ಯಾನೇಜರ್ ಅಂದರೆ ಮೊದಮೊದಲು ಸ್ವಲ್ಪ ಇರುಸುಮುರುಸು ಆಗಬಹುದು, ಅದು ಸಹಜ. ಸ್ನೇಹ ಇರಲಿ, ಕೆಲಸದಲ್ಲಿ ಅವರ ಮಾತೂ ನಡೆಯಲಿ. ಶ್ರೀನಿವಾಸ್ ಸರ್ ತಿಂಗಳ ಕೊನೆಯವರೆಗೂ ಜೊತೆಯಲ್ಲೇ ಇದ್ದು ಎಲ್ಲ ಒಪ್ಪಿಸಿಕೊಡುತ್ತಾರೆ, ಅವರ ಬೀಳ್ಕೊಡುಗೆ ಬೇರೆ ದಿನ ಚೆನ್ನಾಗಿ ಮಾಡೋಣ.

ಸವಿತಾ, ನೀವು ಇಲ್ಲಿಗೆ ಬಂದಿದ್ದು ನಿಮ್ಮ ದುಡಿಮೆಯಿಂದ. ನಮಗೆಲ್ಲ ತುಂಬಾ ಹೆಮ್ಮೆ ಇದೆ. ಬನ್ನಿ, ಮೈಕ್ ತಗೊಳ್ಳಿ. ಬಿ ಶಿಫ್ಟ್‌ನವರು 2 ಗಂಟೆಗೆ ಮಷೀನ್ ಹತ್ತಿರ ಹೋಗಬೇಕು, ಅದಕ್ಕೆ ಅವರ ಪ್ರಶ್ನೆಗಳನ್ನು ಮೊದಲು ತಗೊಳ್ಳಿ.