ದಿನ ಬಿಟ್ಟು ದಿನ ಕಬ್ಬಿಣಾಂಶದ ಮಾತ್ರೆ: ಮೇ ಸಂಚಿಕೆಯ ಅಧ್ಯಯನದ ವಿಧಾನ ಕುರಿತು

ಮೂಡಿಗೆರೆ
14 ಜೂನ್ 2025

ಸಂಪಾದಕರಿಗೆ,

ಮಾನ್ಯರೇ,

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ 12 ಆರೋಗ್ಯ ಉಪಕೇಂದ್ರಗಳಲ್ಲಿ ರಕ್ತಹೀನತೆಯಿರುವ ಗರ್ಭಿಣಿಯರ ಮೇಲೆ ನಡೆದ ಅಧ್ಯಯನವನ್ನು ನಿಮ್ಮ ಮೇ ಸಂಚಿಕೆಯಲ್ಲಿ ಆಸಕ್ತಿಯಿಂದ ಓದಿದೆ. ಕಬ್ಬಿಣಾಂಶದ ಮಾತ್ರೆಯನ್ನು ದಿನ ಬಿಟ್ಟು ದಿನ ಕೊಟ್ಟರೂ ದಿನಾ ಕೊಟ್ಟಷ್ಟೇ ಫಲ ಸಿಗುತ್ತದೆ, ವಾಕರಿಕೆ ಮಾತ್ರ ಕಡಿಮೆ ಎಂಬುದು ಲೇಖಕರ ತೀರ್ಮಾನ. ಇದೇ ಊರುಗಳ ಹೆಣ್ಣುಮಕ್ಕಳನ್ನು ದಿನವೂ ನೋಡುವ ಪ್ರಸೂತಿ ತಜ್ಞೆಯಾಗಿ ಈ ತೀರ್ಮಾನ ನಿಜವಾಗಲಿ ಎಂದೇ ನನ್ನ ಆಸೆ. ಮಲೆನಾಡಿನ ಮಳೆಯಲ್ಲಿ, ತೋಟದ ಲೈನ್ ಮನೆಗಳವರೆಗೂ ಹೋಗಿ ಅಧ್ಯಯನ ನಡೆಸುವುದು ಸುಲಭದ ಕೆಲಸವಲ್ಲ. ಜೊತೆಗೆ ಲೇಖಕರು ಕೋಷ್ಟಕಗಳನ್ನು ಮುಚ್ಚುಮರೆಯಿಲ್ಲದೆ ಕೊಟ್ಟಿದ್ದಾರೆ. ಈ ಪತ್ರದ ಪ್ರಶ್ನೆಗಳೆಲ್ಲ ಹುಟ್ಟಿದ್ದು ಆ ಕೋಷ್ಟಕಗಳಿಂದಲೇ.

ಮೂಲ ವಿಚಾರದ ಬಗ್ಗೆ ನನ್ನ ತಕರಾರಿಲ್ಲ. 60 ಮಿ.ಗ್ರಾಂ. ಅಥವಾ ಅದಕ್ಕಿಂತ ಹೆಚ್ಚು ಕಬ್ಬಿಣಾಂಶ ಹೊಟ್ಟೆಗೆ ಹೋದರೆ ಅದರ ಹೀರಿಕೆಯನ್ನು ತಡೆಯುವ ಹೆಪ್ಸಿಡಿನ್ ಹಾರ್ಮೋನ್ ಏರುತ್ತದೆ, ಸುಮಾರು 24 ಗಂಟೆ ಹಾಗೇ ಇರುತ್ತದೆ, ಮರುದಿನದ ಮಾತ್ರೆಯಿಂದ ಹೀರಿಕೆ ತಗ್ಗುತ್ತದೆ. ಜ್ಯೂರಿಕ್‌ನಿಂದ 2015 ಮತ್ತು 2017ರಲ್ಲಿ ಬಂದ ಅಧ್ಯಯನಗಳು ಇದನ್ನು ಚೆನ್ನಾಗಿ ತೋರಿಸಿವೆ. ಆದರೆ ಅವುಗಳಲ್ಲಿದ್ದವರು ಗರ್ಭಿಣಿಯರಲ್ಲದ, ಕಬ್ಬಿಣಾಂಶದ ಸಂಗ್ರಹ ಕಡಿಮೆಯಿದ್ದ ಯುವತಿಯರು. ಹಿಮೋಗ್ಲೋಬಿನ್ 9ರ ಆಸುಪಾಸಿನಲ್ಲಿರುವ ನಮ್ಮ ಗರ್ಭಿಣಿಗೂ ಅದೇ ಲೆಕ್ಕ ಹೊಂದುತ್ತದೆಯೇ ಎನ್ನುವುದನ್ನು ಇಲ್ಲಿನ ಅಧ್ಯಯನವೇ ಹೇಳಬೇಕು. ಅದಕ್ಕೇ ಅದರ ವಿಧಾನ ಗಟ್ಟಿಯಾಗಿರಬೇಕು.

ನನ್ನ ಮುಖ್ಯ ಪ್ರಶ್ನೆ ವಿಶ್ಲೇಷಣೆಯದು. ಚೀಟಿ ಎತ್ತಿದ್ದು ಉಪಕೇಂದ್ರಗಳಿಗೆ, ಒಬ್ಬೊಬ್ಬ ಮಹಿಳೆಗಲ್ಲ. ಆರು ಉಪಕೇಂದ್ರಗಳಿಗೆ ದಿನವಹಿ ಮಾತ್ರೆ, ಇನ್ನಾರಕ್ಕೆ ದಿನ ಬಿಟ್ಟು ದಿನ. ತಲಾ 40ರಂತೆ ಒಟ್ಟು 480 ಮಂದಿ. ಒಂದೇ ಉಪಕೇಂದ್ರದವರು ಕುಡಿಯುವ ನೀರು, ಉಣ್ಣುವ ಊಟ, ಮಾತ್ರೆ ಕೊಡುವ ಸಿಸ್ಟರ್, ಮನೆಗೆ ಬರುವ ಆಶಾ ಕಾರ್ಯಕರ್ತೆ ಎಲ್ಲ ಒಂದೇ. ಹಾಗಾಗಿ ಅವರ ಫಲಿತಾಂಶಗಳೂ ಒಂದಕ್ಕೊಂದು ಹತ್ತಿರವಿರುತ್ತವೆ; 40 ಮಂದಿ ಎಂದರೆ 40 ಸ್ವತಂತ್ರ ಸಾಕ್ಷಿಗಳಲ್ಲ. ಲೇಖನದ ಅಂಕಿಅಂಶ ವಿಭಾಗದಲ್ಲಿ ಕಾಣುವುದು ಸಾಮಾನ್ಯ ಟಿ-ಪರೀಕ್ಷೆ ಮಾತ್ರ. ಕ್ಲಸ್ಟರ್ ಅಧ್ಯಯನಗಳಿಗೆಂದೇ 2004ರಲ್ಲಿ ಬಂದು 2012ರಲ್ಲಿ ಪರಿಷ್ಕೃತವಾದ ಕನ್ಸಾರ್ಟ್ ಮಾರ್ಗಸೂಚಿ, ಗುಂಪಿನೊಳಗಿನ ಈ ಸಾಮ್ಯವನ್ನು ಅಂದರೆ ಐಸಿಸಿಯನ್ನು ವರದಿ ಮಾಡಬೇಕು, ಲೆಕ್ಕದಲ್ಲೂ ಹಿಡಿಯಬೇಕು ಎನ್ನುತ್ತದೆ. ಲೇಖನದಲ್ಲಿ ಎರಡೂ ಕಾಣಲಿಲ್ಲ.

ಇದರಿಂದ ಎಷ್ಟು ವ್ಯತ್ಯಾಸವಾದೀತು ಎಂದು ಕೈಲೆಕ್ಕ ಹಾಕಿ ನೋಡಿದೆ. ಅಂತಿಮ ವಿಶ್ಲೇಷಣೆಯಲ್ಲಿ ಉಳಿದವರು 402 ಮಂದಿ, ಅಂದರೆ ಉಪಕೇಂದ್ರಕ್ಕೆ ಸರಾಸರಿ 33.5. ಕೊನೆಯ ಹಿಮೋಗ್ಲೋಬಿನ್‌ನಲ್ಲಿ ಎರಡು ಗುಂಪುಗಳ ನಡುವೆ ಲೇಖಕರು ಕೊಟ್ಟಿರುವ ವ್ಯತ್ಯಾಸ −0.10 ಗ್ರಾಂ, ಶೇ 95ರ ಕಾನ್ಫಿಡೆನ್ಸ್ ಇಂಟರ್ವಲ್ −0.27ರಿಂದ 0.07. 'ಕಡಿಮೆಯಿಲ್ಲ' ಎನ್ನಲು ಅವರೇ ಹಾಕಿಕೊಂಡ ಮಿತಿ −0.30. ಐಸಿಸಿ 0.03 ಎಂದಿಟ್ಟುಕೊಂಡರೆ

1 + (33.5 − 1) × 0.03 = 1.975

ಎಂದಾಗುತ್ತದೆ. ಇದರಿಂದ ಭಾಗಿಸಿದರೆ 402 ಮಂದಿಯ ಮಾಹಿತಿಯ ತೂಕ ಸುಮಾರು 200 ಮಂದಿಯದಕ್ಕೆ ಇಳಿಯುತ್ತದೆ, ಇಂಟರ್ವಲ್ ಹಿಗ್ಗಿ −0.34ರಿಂದ 0.14 ಆಗುತ್ತದೆ. ಮಿತಿ ದಾಟಿತು. 0.03 ಎಂಬುದು ನನ್ನ ಊಹೆ, ಒಪ್ಪುತ್ತೇನೆ. ನಿಜವಾದ ಅಂಕಿ ಲೇಖಕರ ಬಳಿಯೇ ಇದೆ. 0.01 ಎಂದು ಉದಾರವಾಗಿ ಹಿಡಿದರೆ ಕೆಳಗಿನ ತುದಿ −0.296ರಲ್ಲಿ, ಕೂದಲೆಳೆಯಷ್ಟು ಒಳಗೆ ನಿಲ್ಲುತ್ತದೆ. ಆದರೆ ಕ್ಲಸ್ಟರ್‌ಗಳು 12 ಮಾತ್ರ ಇರುವುದರಿಂದ 1.96ರ ಬದಲು 2.23ರಿಂದ ಗುಣಿಸಬೇಕಾಗುತ್ತದೆ; ಆಗ ಅದೂ −0.32ಕ್ಕೆ ಜಾರುತ್ತದೆ. ದಿನ ಬಿಟ್ಟು ದಿನದ ಕ್ರಮ ಸೋತಿತು ಎಂದು ನಾನು ಹೇಳುತ್ತಿಲ್ಲ. ಗೆದ್ದಿತು ಎನ್ನಲು ಈ ಅಂಕಿಗಳು ಸಾಲುವುದಿಲ್ಲ, ಅಷ್ಟೇ.

ಎರಡನೆಯದು ಆರಂಭದ ಅಸಮತೋಲನ. ಮೊದಲ ಕೋಷ್ಟಕದ ಪ್ರಕಾರ ಸೇರ್ಪಡೆಯ ವೇಳೆ ದಿನವಹಿ ಗುಂಪಿನ ಸರಾಸರಿ ಹಿಮೋಗ್ಲೋಬಿನ್ 9.3, ದಿನ ಬಿಟ್ಟು ದಿನದ ಗುಂಪಿನದು 9.6. ಕೊನೆಗೆ ಕ್ರಮವಾಗಿ 10.9 ಮತ್ತು 10.8. ಕೊನೆಯ ಅಂಕಿಗಳನ್ನಷ್ಟೇ ಪಕ್ಕಪಕ್ಕ ಇಟ್ಟರೆ ಅಂತರ 0.1, ಏರಿಕೆಯನ್ನು ನೋಡಿದರೆ ಒಂದರಲ್ಲಿ 1.6, ಇನ್ನೊಂದರಲ್ಲಿ 1.2. ಸರಿಯಾದ ಉತ್ತರ ಇವೆರಡರ ನಡುವೆ ಎಲ್ಲೋ ಇರಬಹುದು: ಆರಂಭದ ಹಿಮೋಗ್ಲೋಬಿನ್ ಕಡಿಮೆಯಿದ್ದವರು ಹೇಗಿದ್ದರೂ ಸ್ವಲ್ಪ ಹೆಚ್ಚು ಏರುತ್ತಾರೆ. ಆರಂಭದ ಮಟ್ಟವನ್ನು ಮಾದರಿಯೊಳಗೆ ಸೇರಿಸಿ ಲೆಕ್ಕ ಮಾಡಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ.

ಆ 0.3 ಗ್ರಾಂ ವ್ಯತ್ಯಾಸ ಬಂದದ್ದೆಲ್ಲಿಂದ? ಚೀಟಿ ಎತ್ತಿದ ಮೇಲೆ, ಯಾವ ಉಪಕೇಂದ್ರಕ್ಕೆ ಯಾವ ಕ್ರಮ ಎಂದು ತಿಳಿದಿದ್ದ ಎಎನ್‌ಎಂಗಳೇ ಗರ್ಭಿಣಿಯರನ್ನು ಸೇರಿಸಿಕೊಂಡಿದ್ದಾರೆ. ರಕ್ತ ತೀರಾ ಕಡಿಮೆ ಇರುವವಳನ್ನು 'ದಿನ ಬಿಟ್ಟು ದಿನ'ಕ್ಕೆ ಸೇರಿಸಲು ಯಾವ ಸಿಸ್ಟರ್‌ಗಾದರೂ ಮನಸ್ಸು ಹಿಂಜರಿಯುತ್ತದೆ. ಅದು ತಪ್ಪಲ್ಲ, ಸಹಜ. ಇನ್ನೊಂದು ಕಾರಣ ಎತ್ತರ; ಮೇಲೆ ಹೋದಷ್ಟೂ ಹಿಮೋಗ್ಲೋಬಿನ್ ಸಹಜವಾಗಿಯೇ ಹೆಚ್ಚಿರುತ್ತದೆ. ದಿನ ಬಿಟ್ಟು ದಿನದ ಆರರಲ್ಲಿ ಎರಡು ಉಪಕೇಂದ್ರಗಳು ಬಾಬಾಬುಡನ್‌ಗಿರಿ ಸಾಲಿನ ಇಳಿಜಾರಿನಲ್ಲಿ, 1,000 ಮೀಟರ್‌ಗಿಂತ ಮೇಲಿವೆ. ದಿನವಹಿ ಗುಂಪಿನ ನಾಲ್ಕು ಕಡೂರು, ಅರಸೀಕೆರೆ ಕಡೆಯ ಬಯಲುಸೀಮೆಯವು. ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿಯಂತೆ 500ರಿಂದ 999 ಮೀಟರ್‌ವರೆಗೆ ರಕ್ತಹೀನತೆಯ ಗಡಿಯನ್ನು 0.4 ಗ್ರಾಂ, 1,000ರಿಂದ 1,499ರವರೆಗೆ 0.8 ಗ್ರಾಂ ಮೇಲಕ್ಕೆತ್ತಬೇಕು. ಎಲ್ಲರಿಗೂ 11 ಎಂಬ ಒಂದೇ ಗಡಿ ಇಟ್ಟರೂ ಗಿರಿಯ ಮೇಲಿನ 10.5 ಮತ್ತು ಬಯಲಿನ 10.5 ಒಂದೇ ಅಲ್ಲ. ಅದೇ ಮಾರ್ಗಸೂಚಿ ಎರಡನೇ ತ್ರೈಮಾಸಿಕದ ಗಡಿಯನ್ನು 10.5ಕ್ಕೆ ಇಳಿಸಿದೆ, ಸೇರ್ಪಡೆ 14ರಿಂದ 22 ವಾರಗಳ ನಡುವೆ ಆಗಿರುವುದರಿಂದ ಇದನ್ನೂ ಲೇಖಕರು ಗಮನಿಸಬಹುದು.

ಹೊರಗುಳಿದ 78 ಮಂದಿಯ ವಿಷಯಕ್ಕೆ ಬರುತ್ತೇನೆ. ದಿನವಹಿ ಗುಂಪಿನಿಂದ 50, ಇನ್ನೊಂದರಿಂದ 28. ಮಾತ್ರೆ ಶೇ 80ಕ್ಕಿಂತ ಕಡಿಮೆ ನುಂಗಿದವರನ್ನೂ ಕೊನೆಯ ಭೇಟಿಗೆ ಸಿಗದವರನ್ನೂ ಒಂದೇ ಸಾಲಿನಲ್ಲಿ ಸೇರಿಸಿ ಬಿಟ್ಟಿದ್ದಾರೆ. ಇವೆರಡು ಬೇರೆಬೇರೆ ಸಂಗತಿಗಳು. ಕೊನೆಯ ಅಳತೆ ನಡೆದಿರುವುದು 34ರಿಂದ 36 ವಾರಗಳಲ್ಲಿ. ನಮ್ಮ ಕಡೆ ಸೀಮಂತ ಮುಗಿಸಿಕೊಂಡು ಚೊಚ್ಚಲ ಬಸುರಿ ತವರಿಗೆ ಹೋಗುವುದು ಅದೇ ಹೊತ್ತಿಗೆ. ತಾಯಿ ಕಾರ್ಡ್ ಜೊತೆಗೆ ಹೋಗುತ್ತದೆ, ಮಾತ್ರೆಯ ಸ್ಟ್ರಿಪ್ ಹಲವು ಸಲ ಗಂಡನ ಮನೆಯ ಗೂಡಿನಲ್ಲೇ ಉಳಿಯುತ್ತದೆ. ಅಧ್ಯಯನದಲ್ಲಿ ಶೇ 46 ಚೊಚ್ಚಲು ಎಂದಿದೆ. ಕಳೆದುಹೋದವರಲ್ಲಿ ಅವರೆಷ್ಟು? ತವರಿನ ಉಪಕೇಂದ್ರದಲ್ಲಿ ಅಳತೆ ಮಾಡಿಸುವ ಏರ್ಪಾಡು ಇತ್ತೇ? 'ಕಡಿಮೆಯಿಲ್ಲ' ಎಂದು ತೋರಿಸುವ ಅಧ್ಯಯನಗಳಲ್ಲಿ ಕ್ರಮ ಪಾಲಿಸಿದವರನ್ನಷ್ಟೇ ನೋಡುವ ಪರ್ ಪ್ರೊಟೊಕಾಲ್ ವಿಶ್ಲೇಷಣೆಗೆ ಜಾಗ ಖಂಡಿತ ಇದೆ, ಆದರೆ ಸೇರಿದವರೆಲ್ಲರನ್ನೂ ಅವರವರ ಗುಂಪಿನಲ್ಲೇ ಎಣಿಸುವ ಇಂಟೆನ್ಷನ್ ಟು ಟ್ರೀಟ್ ಅದರ ಪಕ್ಕದಲ್ಲೇ ಇರಬೇಕು. ಎರಡೂ ಒಂದೇ ಮಾತು ಹೇಳಿದಾಗಷ್ಟೇ ನಂಬಿಕೆ ಬರುತ್ತದೆ. ಇಲ್ಲಿ ಎರಡನೆಯದು ಇಲ್ಲವೇ ಇಲ್ಲ.

ಮಾತ್ರೆ ನುಂಗಿದ್ದನ್ನು ಖಾಲಿ ಸ್ಟ್ರಿಪ್ ಎಣಿಸಿ ಗೊತ್ತುಮಾಡಿದ್ದಾರೆ. ಬೇರೆ ದಾರಿ ಕಷ್ಟ ಎಂಬುದು ನಿಜ. ಆದರೆ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ಕೆಂಪು ಮಾತ್ರೆ, ಅಂದರೆ 60 ಮಿ.ಗ್ರಾಂ. ಕಬ್ಬಿಣಾಂಶ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲದ್ದು, ಪ್ರತಿ ಗರ್ಭಿಣಿಗೂ ಉಚಿತವಾಗಿ ಸಿಗುತ್ತದೆ. ದಿನ ಬಿಟ್ಟು ದಿನದ ಗುಂಪಿನವರಿಗೆ ಆ ಸರಬರಾಜು ನಿಂತಿತ್ತೇ? ನಿಲ್ಲದಿದ್ದರೆ ಬಿಡುವಿನ ದಿನ ಅತ್ತೆ ಕೊಟ್ಟ ಕೆಂಪು ಮಾತ್ರೆ ಲೆಕ್ಕಕ್ಕೆ ಬಂದಿರುವುದಿಲ್ಲ, ಎರಡು ಗುಂಪುಗಳ ಅಂತರ ತಾನಾಗಿ ಕಿರಿದಾಗಿರುತ್ತದೆ. ನಿಂತಿದ್ದರೆ ಫೋಲಿಕ್ ಆಮ್ಲವೂ ಅರ್ಧಕ್ಕಿಳಿಯಿತೇ, ಪ್ರತ್ಯೇಕವಾಗಿ ಕೊಟ್ಟರೇ ಎಂಬುದನ್ನು ಹೇಳಬೇಕಿತ್ತು.

ಅಳತೆಯ ಬಗ್ಗೆ ಚಿಕ್ಕದಾಗಿ: ಬೆರಳು ಚುಚ್ಚಿ ಡಿಜಿಟಲ್ ಮೀಟರ್‌ನಲ್ಲಿ ನೋಡಿದವರು ಗುಂಪು ಯಾವುದೆಂದು ತಿಳಿದಿದ್ದ ಎಎನ್‌ಎಂಗಳೇ. ಬೆಳಗಿನ ಚಳಿಯಲ್ಲಿ ತೋಟದಿಂದ ಬಂದವಳ ತಣ್ಣಗಿನ ಬೆರಳಿನಿಂದ ಹನಿ ಬರದಿದ್ದರೆ ಹಿಂಡುತ್ತಾರೆ, ಅಂಗಾಂಶದ ದ್ರವ ಬೆರೆತು ಓದು ಕೆಳಗೆ ಬರುತ್ತದೆ. 0.3 ಗ್ರಾಂ ಮಿತಿಯ ಅಧ್ಯಯನಕ್ಕೆ ಇದು ಸಣ್ಣ ದೋಷವಲ್ಲ. ರಕ್ತನಾಳದ ರಕ್ತವನ್ನು ಸ್ವಯಂಚಾಲಿತ ಅನಲೈಸರ್‌ನಲ್ಲಿ ಪರೀಕ್ಷಿಸುವುದೇ ಮೇಲು ಎಂದು 2024ರ ಮಾರ್ಗಸೂಚಿ ಹೇಳುತ್ತದೆ. ಒಂದು ಭಾಗದವರಲ್ಲಾದರೂ ಹಾಗೆ ತಾಳೆ ನೋಡಿದ್ದರೆ ದಯವಿಟ್ಟು ತಿಳಿಸಲಿ. ಸಿಟಿಆರ್‌ಐ ನೋಂದಣಿಯಲ್ಲಿ ಪ್ರಧಾನ ಫಲಿತಾಂಶಗಳಾಗಿ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಕೂಡ ಇದೆ. ಲೇಖನದಲ್ಲಿ ಅದರ ಸುದ್ದಿಯಿಲ್ಲ. ಪರೀಕ್ಷೆ ಮಾಡಿಸಲಾಗದಿದ್ದರೆ ಹಾಗೆಂದು ಬರೆದರೆ ಸಾಕು.

ಲೇಖಕರಲ್ಲಿ ನನ್ನ ಕೋರಿಕೆ ಇಷ್ಟು. 480 ಮಂದಿಯನ್ನೂ ಒಳಗೊಂಡು, ಕ್ಲಸ್ಟರ್ ಮತ್ತು ಆರಂಭದ ಹಿಮೋಗ್ಲೋಬಿನ್ ಎರಡನ್ನೂ ಲೆಕ್ಕಕ್ಕೆ ಹಿಡಿದು ಮತ್ತೆ ವಿಶ್ಲೇಷಿಸಲಿ. ಐಸಿಸಿ ಮತ್ತು 12 ಉಪಕೇಂದ್ರಗಳ ಸರಾಸರಿಗಳ ಪುಟ್ಟ ಕೋಷ್ಟಕವೊಂದನ್ನು, ಯಾರ ಗುರುತೂ ಇಲ್ಲದಂತೆ, ಪ್ರಕಟಿಸಲಿ. ಆಗಲೂ ಇಂಟರ್ವಲ್ ಮಿತಿಯೊಳಗೇ ಇದ್ದರೆ ಮೊದಲು ಸಂತೋಷಪಡುವವಳು ನಾನು. ಅಲ್ಲಿಯವರೆಗೆ ಸಾರಾಂಶದ ಕೊನೆಯ ಸಾಲು, 'ಕಾರ್ಯಕ್ರಮದಲ್ಲಿ ಅಳವಡಿಸಬಹುದು' ಎನ್ನುವುದು, ಅವಸರದ್ದಾಯಿತು ಎಂಬುದು ನನ್ನ ಅಭಿಪ್ರಾಯ. ಈ ಲೇಖನ ಓದಿದ ಕೆಲವು ಸಹೋದ್ಯೋಗಿಗಳು ಈಗಾಗಲೇ ಚೀಟಿಯಲ್ಲಿ ದಿನ ಬಿಟ್ಟು ದಿನ ಎಂದು ಬರೆಯತೊಡಗಿದ್ದಾರೆ. ಆದ್ದರಿಂದ ಈ ಪತ್ರವನ್ನೂ ಲೇಖಕರ ಉತ್ತರವನ್ನೂ ಒಂದೇ ಸಂಚಿಕೆಯಲ್ಲಿ ಪ್ರಕಟಿಸಲು ಸಾಧ್ಯವೇ ಎಂದು ತಾವು ಪರಿಶೀಲಿಸಬೇಕಾಗಿ ವಿನಂತಿ.

ಈ ವಿಷಯದಲ್ಲಿ ನನಗೆ ಯಾವುದೇ ಔಷಧ ಕಂಪನಿಯ ಸಂಬಂಧವಾಗಲಿ, ಹಣಕಾಸಿನ ಹಿತಾಸಕ್ತಿಯಾಗಲಿ ಇಲ್ಲ. ಲೇಖಕರ ಪೈಕಿ ಯಾರ ಜೊತೆಯೂ ಕೆಲಸ ಮಾಡಿಲ್ಲ.

ಗೌರವಪೂರ್ವಕ ವಂದನೆಗಳೊಂದಿಗೆ,

ಡಾ. ಸುಮಂಗಲಾ ಎಚ್.ಆರ್.
ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞೆ
ಮೂಡಿಗೆರೆ, ಚಿಕ್ಕಮಗಳೂರು ಜಿಲ್ಲೆ