ಜುಲೈನಿಂದ ನವೆಂಬರ್: ರಾತ್ರಿ ಓದಿನ ಹದಿನೈದು ದಿನದ ಲೆಕ್ಕ

ರೀ, ಇದನ್ನು ಫ್ರಿಜ್ ಮೇಲೆ ಅಂಟಿಸ್ತಿದ್ದೀನಿ, ನೀವೂ ಓದಿಬಿಡಿ. ಎಂ.ಎ. ಅರ್ಥಶಾಸ್ತ್ರ, ನಾಲ್ಕು ಪೇಪರ್, ಪರೀಕ್ಷೆ ಡಿಸೆಂಬರ್‌ನಲ್ಲಿ. ಸೋಮ, ಮಂಗಳ, ಗುರು, ಶುಕ್ರ ರಾತ್ರಿ 9:30ರಿಂದ 9:55. ಅಷ್ಟೇ. ಆ ಹೊತ್ತಿಗೆ ಪಾಪುವನ್ನು ಮಲಗಿಸೋದು ನಿಮ್ಮ ಕೆಲಸ. ಬುಧವಾರ ರಜೆ, ಅವತ್ತು ಸೊಸೈಟಿಯಲ್ಲಿ ಲೆಕ್ಕ ಮುಗಿಸಿ ಬರುವಷ್ಟರಲ್ಲಿ ತಲೆ ಕೆಲಸ ಮಾಡಲ್ಲ.

ಪ್ರತಿ ಸಲ 10 ನಿಮಿಷ ಓದು, ಪುಸ್ತಕ ಮುಚ್ಚಿ 10 ನಿಮಿಷ ನೆನಪಿದ್ದದ್ದನ್ನು ಬರೆ, ಉಳಿದ 5 ನಿಮಿಷ ತೆರೆದು ನೋಡಿ ಬಿಟ್ಟುಹೋದದ್ದನ್ನು ಕೆಂಪು ಪೆನ್ನಲ್ಲಿ ಸೇರಿಸು. ನೋಡ್ಕೊಂಡು ಬರೆದರೆ ಅದು ಸಾರಾಂಶ ಅಲ್ಲ, ಬರೀ ನಕಲು. ಎರಡನೇ ಭಾನುವಾರ ಮಧ್ಯಾಹ್ನ ಆ ಹದಿನೈದು ದಿನದ ಹಾಳೆಗಳನ್ನೆಲ್ಲ ಒಂದೇ ಪುಟಕ್ಕೆ ಇಳಿಸಬೇಕು. ಮುಂದಿನ ಸೋಮವಾರ ಹೊಸದು ಓದುವ ಮೊದಲು ಆ ಪುಟ ನೋಡದೆ ಹೇಳಬೇಕು, ಕೆಂಪು ಇದ್ದ ಜಾಗದಿಂದಲೇ ಶುರು.

ಜುಲೈ ಎರಡೂ ಪಕ್ಷ ಬ್ಯಾಂಕಿಂಗ್. ಪುನರ್ವಸು, ಪುಷ್ಯ ಮಳೆ ಹಿಡಿದರೆ ತೀರ್ಥಹಳ್ಳಿಯಲ್ಲಿ ಕರೆಂಟ್ ನಂಬೋ ಹಾಗಿಲ್ಲ, ಅದಕ್ಕೇ ಎಲ್ಲ ಕಾಗದದ ಮೇಲೆ, ಸಂಜೆಯೇ ಎಮರ್ಜೆನ್ಸಿ ಲೈಟ್ ಚಾರ್ಜ್‌ಗೆ ಹಾಕಿಡಿ. ಮೊದಲ ಪಕ್ಷದ ಪುಟ ಇಸವಿಗಳ ಸಾಲಾಗಿರಲಿ: ರಿಸರ್ವ್ ಬ್ಯಾಂಕ್ 1935ರಲ್ಲಿ ಶುರು, 1949ರಲ್ಲಿ ರಾಷ್ಟ್ರೀಕರಣ, 1969ರಲ್ಲಿ 14 ಬ್ಯಾಂಕ್ (ನಮ್ಮ ಕರಾವಳಿಯ ಕೆನರಾ, ಸಿಂಡಿಕೇಟ್ ಕೂಡ ಅದರಲ್ಲೇ), 1980ರಲ್ಲಿ ಇನ್ನೂ 6, 1982ರಲ್ಲಿ ನಬಾರ್ಡ್. ಆದರೆ ಇಸವಿಗೆ ಸಿಗೋದು ಒಂದೆರಡು ಅಂಕ, ಯಾಕೆ ರಾಷ್ಟ್ರೀಕರಣ ಮಾಡಿದರು ಅನ್ನೋದಕ್ಕೇ ಜಾಸ್ತಿ. ಹಾಗಾಗಿ ಪ್ರತಿ ಇಸವಿಯ ಪಕ್ಕ "ಯಾಕೆ" ಅಂತ ಒಂದು ವಾಕ್ಯ ಇರಲೇಬೇಕು. ಎರಡನೇ ಪಕ್ಷಕ್ಕೆ ರೆಪೋ, ಸಿಆರ್‌ಆರ್, ಸಾಲ ಹುಟ್ಟುವ ಬಗೆ. ಮಳೆ ಅಂತ ಶಾಲೆಗೆ ರಜೆ ಕೊಟ್ಟ ದಿನ ಮಗಳು ಸುಸ್ತಾಗಲ್ಲ, ಮಲಗೋದೂ ತಡ. ಅವತ್ತು ಓದು ಬಿಟ್ಟರೂ ಚಿಂತೆಯಿಲ್ಲ, ಮರುದಿನ ಡಬಲ್ ಮಾಡೋದು ಮಾತ್ರ ಬೇಡ.

ಆಗಸ್ಟ್ ಭಾರತದ ಆರ್ಥಿಕತೆ. 1991ರ ಸುಧಾರಣೆಗೆ ಒಂದು ಪೂರ್ತಿ ಪಕ್ಷ, ಉಳಿದದ್ದು ಬೇಗ ಆಗುತ್ತೆ. ಸೆಪ್ಟೆಂಬರ್ ಸಾರ್ವಜನಿಕ ಹಣಕಾಸು: 280ನೇ ವಿಧಿಯ ಹಣಕಾಸು ಆಯೋಗ, 2017ರ ಜಿಎಸ್‌ಟಿ. ಗಣಪತಿ ಹಬ್ಬದ ವಾರ ಹೊಸ ಪಾಠ ಇಲ್ಲ, ಹಳೇ ಪುಟ ಮಾತ್ರ.

ಅಕ್ಟೋಬರ್ ಸೂಕ್ಷ್ಮ ಅರ್ಥಶಾಸ್ತ್ರ. ಇಲ್ಲಿ ಮಾತಿನ ಸಾರಾಂಶ ಬೇಡ, ಚಿತ್ರ ಬರೆದು ಕೆಳಗೆ ಮೂರು ಸಾಲು. ಬೇಡಿಕೆಯ ಸ್ಥಿತಿಸ್ಥಾಪಕತ್ವಕ್ಕೆ ಉಪ್ಪು ಮತ್ತು ಸ್ಮಾರ್ಟ್‌ಫೋನ್ ಸಾಕು. ಪೂರೈಕೆಗೆ ಅಡಿಕೆ: ರೇಟು ಏರಿತು ಅಂತ ಇವತ್ತು ಸಸಿ ನೆಟ್ಟರೆ ಫಸಲಿಗೆ ವರ್ಷಗಟ್ಟಲೆ ಕಾಯಬೇಕು, ಅಲ್ವಾ?

ನವೆಂಬರ್‌ನಲ್ಲಿ ಹೊಸದು ಏನೂ ಇಲ್ಲ. ಕೊನೆ ಕೊಯ್ಲು ಶುರುವಾದರೆ ಅತ್ತೆ ಮನೆಯಲ್ಲಿ ರಾತ್ರಿ ಅಡಿಕೆ ಸುಲಿಯೋಕೆ ಕೂರಲೇಬೇಕು, ಕೈ ಅಲ್ಲಿರಲಿ, ಬಾಯಲ್ಲಿ ಸಾರಾಂಶ. ತಪ್ಪಿದರೆ ನೀವು ಪುಟ ನೋಡಿ ಹೇಳಿ. ಕೊನೆಯ ಪಕ್ಷ ಹಳೇ ಪ್ರಶ್ನೆಪತ್ರಿಕೆ, ಭಾನುವಾರಕ್ಕೊಂದು, ಮೂರು ಗಂಟೆ ಗಡಿಯಾರ ಇಟ್ಟು. ಆ ಭಾನುವಾರಗಳಲ್ಲಿ ಅಡುಗೆಯೂ ನಿಮ್ಮದೇ.